ಮೆತ್ತನೆ ಮುದ್ದೆಗೆ ಹಿಟ್ಟೆಷ್ಟು, ನೀರೆಷ್ಟು? ಅನುಭವ ಇರೋರು ಹೇಳಿ

ಹೊಸ ಸೊಸೆ (ಕೇಳಿದವರು): ಮನೇಲಿ ಆರು ಜನ: ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ಮಾವನವರಿಗೆ ಹಲ್ಲಿನ ತೊಂದರೆ, ಮುದ್ದೆ ಮೆತ್ತಗಿರಬೇಕು. ಒಂದಕ್ಕೆ ಎರಡು ನೀರು ಅಂತ ಎಲ್ಲರೂ ಹೇಳ್ತಾರೆ. ಹಾಗೇ ತೂಗಿ ಹಾಕಿದ್ರೂ ಗಟ್ಟಿಯಾಗಿ ಬಿರಿಯುತ್ತೆ. ಸರಿಯಾದ ಅಳತೆ ಯಾವುದು? ತಲೆಗೆ ಎಷ್ಟು ಹಿಟ್ಟು?

ಮದ್ದೂರಮ್ಮ: ಮುದ್ದೆಗೆ ಅಳತೆ ಕೇಳೋ ಕಾಲ ಬಂತಲ್ಲಾ ಶಿವನೇ! ನಮ್ಮನೇಲಿ ಕಣದ ದಿನ ಹದಿನೈದು ಆಳಿಗೆ ಒಬ್ಬಳೇ ಹಿಟ್ಟು ತಿರುವ್ತಿದ್ದೆ. ಕಾಲಲ್ಲಿ ಕವೆಗೋಲು ಒತ್ತಿ ಹಿಡ್ಕೊಂಡು, ಹಿಟ್ಟಿನ ಕೋಲು ಆಡಿಸ್ತಿದ್ರೆ ಸೊಂಟ ಬಿದ್ದೋಗದು. ಎಸರು ಕುದ್ದು ಮೇಲೆ ಹಾರಬೇಕು, ಆಗ ಹಿಟ್ಟು ಗುಡ್ಡೆ ಹಾಕ್ಬುಟ್ಟು ನಡುವೆ ಕೋಲು ಚುಚ್ಚಿ ಬುಡೋದು. ಗುಡ್ಡೆ ಸುತ್ತ ನೀರು ಎರಡು ಬೆರಳು ಕಂಡ್ರೆ ಮೆತ್ತಗೆ, ಒಂದು ಬೆರಳು ಕಂಡ್ರೆ ಗಟ್ಟಿ. ಇದೇ ಅಳತೆ. ಲೋಟ ಗೀಟ ಏನೂ ಬೇಡ. ನನ್ನ ಸೊಸೆಗೂ ಹೇಳಿಕೊಟ್ಟೆ, ಅವಳು ಫೋನು ನೋಡ್ಕೊಂಡು ಮಾಡ್ತಾಳೆ, ಏನು ಹೇಳೋಣ.

ಫ್ಲ್ಯಾಟ್ ನಂ. 304: ಎರಡು ಬೆರಳು ಅಂದ್ರೆ ಯಾರ ಬೆರಳು ಅಮ್ಮಾ? ನಾನು ಬೆಂಗಳೂರಲ್ಲಿ ಮುದ್ದೆ ಮೆಷಿನ್ ತಗೊಂಡಿದೀನಿ. 6,400 ರೂಪಾಯಿ, ಜೊತೆಗೆ ತೂಕದ ಯಂತ್ರಕ್ಕೆ 550. ವಾರಂಟಿ ಮುಗಿದ ಮೇಲೆ ಒಳಗಿನ ಪ್ಲಾಸ್ಟಿಕ್ ಗೇರ್ ಸವೆದೋಯ್ತು. ಗೇರ್ ಬೆಲೆ 180, ಕಳಿಸಿ ತರಿಸೋ ಕೊರಿಯರ್ 480, ‘ತಪಾಸಣೆ ಶುಲ್ಕ’ ಅಂತ ಇನ್ನೊಂದು 250. ಆದ್ರೂ ನನಗೆ ಬೇಸರ ಇಲ್ಲ, ಕೈ ನೋವಂತೂ ಇಲ್ಲ. ಜೊತೆಗೆ ಬಂದ ಪುಸ್ತಕದಲ್ಲಿ ಒಂದಕ್ಕೆ ಎರಡು ಅಂತಿದೆ, ಅದಕ್ಕೆ 100 ಗ್ರಾಂ ಹಿಟ್ಟಿಗೆ 200 ಗ್ರಾಂ ನೀರು ತೂಗಿಯೇ ಹಾಕ್ತೀನಿ. ಗಟ್ಟಿ ಬರುತ್ತೆ ನಿಜ, ಆದ್ರೆ ಮುದ್ದೆ ಅಂದ್ರೆ ಗಟ್ಟಿ ಇರಬೇಕು. ಮೆತ್ತಗೆ ಬೇಕು ಅನ್ನೋರು ಗಂಜಿ ಕುಡೀರಿ.

ಮೆಸ್ ನಡೆಸ್ತಿದ್ದವನು: 304 ಸಾರ್, ನಿಮ್ಮದೂ ಕೇಳಿದವರದೂ ಒಂದೇ ತೊಡಕು. ಒಂದಕ್ಕೆ ಎರಡು ಅನ್ನೋದು ಲೋಟದ ಲೆಕ್ಕ, ತೂಕದ್ದಲ್ಲ. 200 ಮಿಲಿ ಲೋಟಕ್ಕೆ ಹಿಟ್ಟನ್ನ ಸಡಿಲವಾಗಿ ತುಂಬಿ ತೂಗಿ ನೋಡಿ, 120 ಗ್ರಾಂ ಆಸುಪಾಸು ಬರುತ್ತೆ. ಅದಕ್ಕೆ ಎರಡು ಲೋಟ ನೀರು ಅಂದ್ರೆ 400 ಗ್ರಾಂ. ಅಂದ್ರೆ ತೂಕದಲ್ಲಿ ಒಂದಕ್ಕೆ ಹೆಚ್ಚುಕಮ್ಮಿ ಮೂರೂಕಾಲು. ನೀವು ತೂಗಿ ಎರಡರಷ್ಟು ಹಾಕಿದ್ರೆ ಒಂದೊಂದು ಲೋಟ ಹಿಟ್ಟಿಗೂ ನೀರು ಸುಮಾರು ಮುಕ್ಕಾಲು ಲೋಟ ಕಮ್ಮಿ. ಬಿರಿಯದೆ ಇನ್ನೇನಾಗುತ್ತೆ? ಹಿಟ್ಟು ಕುಟ್ಟಿ ತುಂಬಿದ್ರೆ ಅದೇ ಲೋಟಕ್ಕೆ 140 ಹಿಡಿಯುತ್ತೆ, ಆಗಲೂ ಮುದ್ದೆ ಗಟ್ಟಿ.

ಕೇಳಿದ ಅಕ್ಕನ ಮನೆಗೇ ಲೆಕ್ಕ ಹಾಕೋಣ. ಅತ್ತೆ, ಮಾವನಿಗೆ ತಲಾ 60 ಗ್ರಾಂ, ಯಜಮಾನರಿಗೆ 100, ನಿಮಗೆ 80, ಮಕ್ಕಳಿಗೆ ತಲಾ 40. ಒಟ್ಟು 380 ಗ್ರಾಂ, ಮೂರು ಲೋಟಕ್ಕೆ ಸ್ವಲ್ಪ ಜಾಸ್ತಿ. ನೀರು ಒಂದೂಕಾಲು ಲೀಟರ್. ಅನ್ನವೂ ಮಾಡ್ತೀರಾದ್ರೆ ಹಿಟ್ಟು, ನೀರು ಎರಡರಲ್ಲೂ ಕಾಲು ಭಾಗ ಇಳಿಸಿ. ಒಂದೂಕಾಲು ಲೀಟರಲ್ಲಿ ಕುದಿಯೋ ನೀರು ಒಂದು ಲೋಟ ಪಕ್ಕಕ್ಕೆ ತೆಗೆದಿಡಿ. ಉಳಿದಿದ್ದಕ್ಕೆ ಒಂದು ಚಮಚ ಹಿಟ್ಟು ತಣ್ಣೀರಲ್ಲಿ ಕದಡಿ ಹಾಕಿ ಕುದಿ ಬರಿಸಿ, ಆಮೇಲೆ ಹಿಟ್ಟು ಸುರಿದು ನಡುವೆ ತೂತು ಮಾಡಿ, ಕೈಯಾಡಿಸದೆ ಸಣ್ಣ ಉರೀಲಿ ಐದಾರು ನಿಮಿಷ ಬಿಡಿ. ಬೇಗ ತಿರುವಿದ್ರೆ ಒಣ ಹಿಟ್ಟು ಗಂಟಿನೊಳಗೆ ಸೇರಿಕೊಂಡುಬಿಡುತ್ತೆ. ತಿರುವುವಾಗ ಕೋಲಿಗೆ ಭಾರ ಅನ್ನಿಸಿದ್ರೆ ತೆಗೆದಿಟ್ಟ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಮುಚ್ಚಿ ಇನ್ನೆರಡು ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದ್ರೆ ಅಂಟಬಾರದು, ಬಣ್ಣ ಕಪ್ಪಗೆ ತಿರುಗಿ ಹೊಳೀಬೇಕು. ಬೂದು ಬಣ್ಣ ಇದ್ರೆ ಒಳಗೆ ಹಸಿ.

ಇನ್ನೊಂದು. ತುಂಬಾ ಜನಕ್ಕೆ ಮಾಡುವಾಗ ಇದೇ ಅಳತೇನ ಹಾಗೇ ಹೆಚ್ಚಿಸಿದ್ರೆ ಅಂಬಲಿಯಾಗುತ್ತೆ. ದೊಡ್ಡ ಪಾತ್ರೇಲಿ ಆವಿ ಹೋಗೋದು ಅಷ್ಟು ಜಾಸ್ತಿ ಆಗಲ್ಲ. ನಮ್ಮ ಮೆಸ್ಸಲ್ಲಿ ಹತ್ತು ಕೇಜಿಗೆ ಹೊಸ ಅಡುಗೆಯವನು ಮನೆ ಲೆಕ್ಕ ಹಾಕಿ ಅರ್ಧ ಚೆಲ್ಲಿಸಿದ್ದ. ಅವತ್ತು ಹೋದ ರಾಗಿ ದುಡ್ಡು ನನಗಿನ್ನೂ ನೆನಪಿದೆ.

ಕೋಲಾರದ ಕಡೆಯವರು: ಇಷ್ಟೆಲ್ಲಾ ಯಾಕೆ? ನಮ್ಮಲ್ಲಿ ಎಸರಿಗೆ ಮೊದಲು ಒಂದು ಹಿಡಿ ಅಕ್ಕಿ ನುಚ್ಚು ಹಾಕ್ತೀವಿ. ಅದು ಅರಳಿ ಬೆಂದ ಮೇಲೆ ಹಿಟ್ಟು. ಮುದ್ದೆ ಬೆಣ್ಣೆ ಥರ ಬರುತ್ತೆ, ಬಿರಿಯೋದೇ ಇಲ್ಲ. ನುಚ್ಚಿಗೆ ಅಂತಲೇ ಅರ್ಧ ಲೋಟ ನೀರು ಹೆಚ್ಚು ಇಡಿ.

ಮದ್ದೂರಮ್ಮ: ನುಚ್ಚು ಹಾಕಿದ್ದು ಮುದ್ದೆ ಅಲ್ಲ ಕಣಪ್ಪ. ರಾಗಿ ಸಾಲದೇ ಇದ್ದಾಗ ಮಾಡೋದು ಅದು. ಉಪ್ಸಾರಿಗೆ ಅದ ಅದ್ದಿದ್ರೆ ಅನ್ನ ಬಾಯಿಗೆ ಸಿಗ್ತದೆ.

ಕೋಲಾರದ ಕಡೆಯವರು: ಅಮ್ಮಾ, ಹಿರಿಯರು ಅಂತ ಸುಮ್ಮನಿದ್ದೀನಿ. ನಮ್ಮ ಊರಲ್ಲಿ ಮನೆ ತುಂಬ ರಾಗಿ ಇಟ್ಟುಕೊಂಡೋರೂ ಹೀಗೇ ಮಾಡ್ತಾರೆ. ಮದ್ದೂರಿನವರು ಹೇಳಿದ್ದೊಂದೇ ಮುದ್ದೆಯಾ?

ಶುಗರ್ ಸೀನಣ್ಣ: ನನಗೆ ಸಕ್ಕರೆ ಕಾಯಿಲೆ. ಮುದ್ದೆ ತಿಂದ್ರೆ ಶುಗರ್ ಏರಲ್ಲ ಅಂತ ಎಲ್ಲರೂ ಹೇಳ್ತಾರೆ, ನಾನು ಎರಡು ದೊಡ್ಡ ಮುದ್ದೆ ತಿಂದು ಮೀಟರಲ್ಲಿ ನೋಡಿದೆ, ಅನ್ನ ತಿಂದಷ್ಟೇ ಏರಿತ್ತು. ಒಂದು ಸಣ್ಣದು, ಜೊತೆಗೆ ಹುರುಳಿಕಾಳು ಸಾರು ಜಾಸ್ತಿ ಅಂತ ಮಾಡಿಕೊಂಡ ಮೇಲೆ ಪರವಾಗಿಲ್ಲ. ಈ ನುಚ್ಚು ಹಾಕೋರು ಇದನ್ನೂ ಯೋಚಿಸಿ.

ಕೋಲಾರದ ಕಡೆಯವರು: ಅಣ್ಣಾ, ಅವರು ಕೇಳಿದ್ದು ಮಾವನ ಹಲ್ಲಿನ ವಿಷಯ.

ಗಿರಣಿ ಪಕ್ಕದ ಮನೆ: ಹಿಟ್ಟಿನ ಬಗ್ಗೆ ಯಾರೂ ಹೇಳಲೇ ಇಲ್ಲ. ಹೊಸ ರಾಗಿ ಹಿಟ್ಟು ಜಿಗುಟು, ನೀರು ಕಮ್ಮಿ ಕುಡಿಯುತ್ತೆ. ವರ್ಷದ ಹಳೇ ರಾಗಿ ಹೆಚ್ಚು ಕುಡಿಯುತ್ತೆ. ಅಂಗಡಿ ಪ್ಯಾಕೆಟ್ಟಲ್ಲಿ ಯಾವ ರಾಗಿ ಅಂತ ಗೊತ್ತಾಗಲ್ಲ, ಹಾಗಾಗಿ ಪ್ಯಾಕೆಟ್ ಬದಲಾದಾಗಲೆಲ್ಲ ಮೊದಲ ಸಲ ತೆಗೆದಿಟ್ಟ ನೀರೇ ಗತಿ. ನಾನಂತೂ ಮನೆ ರಾಗಿ ಬೀಸಿಸೋದು. ಆದ್ರೆ ಮೊನ್ನೆ ಗಿರಣಿಯವನು ಗೋಧಿ ಬೀಸಿದ ಮೇಲೆ ಕಲ್ಲು ಒರೆಸದೆ ನಮ್ಮ ರಾಗಿ ಸುರಿದ. ಐದು ಕೇಜಿ ಹಿಟ್ಟು ಬಿಳಿ ಬಿಳಿ. ಜಗಳ ಆಡಿದ್ರೂ ದುಡ್ಡು ವಾಪಸ್ ಕೊಡಲಿಲ್ಲ.

ಹೊಸ ಸೊಸೆ: ನಮ್ಮನೇಲಿ ಇಂಡಕ್ಷನ್ ಒಲೆ. ಮಾವ ಬರೋದು ಒಂದು ಗಂಟೆ ತಡ, ಅಷ್ಟೊತ್ತಿಗೆ ಮುದ್ದೆ ಮತ್ತೆ ಗಟ್ಟಿ. ಏನ್ಮಾಡ್ಲಿ?

ಮೆಸ್ ನಡೆಸ್ತಿದ್ದವನು: ಆರಿದ್ರೆ ಯಾವ ಮುದ್ದೆಯಾದ್ರೂ ಬಿಗೀತದೆ. ಅವರ ಪಾಲನ್ನ ಉಂಡೆ ಮಾಡಿ ಒದ್ದೆ ಬಟ್ಟೆ ಸುತ್ತಿ ಹಾಟ್‌ಬಾಕ್ಸಲ್ಲಿಡಿ. ಅವರ ಪಾಲಿಗೆ ನೀರು ಸ್ವಲ್ಪ ಹೆಚ್ಚೇ ಇರಲಿ.

ಮದ್ದೂರಮ್ಮ: ಬಂದ ಮೇಲೆ ಬಿಸಿಯಾಗಿ ಒಂದು ಮುದ್ದೆ ತಿರುವೋಕೆ ಎಷ್ಟೊತ್ತು ಬೇಕವ್ವ? ಡಬ್ಬಿ ಮುದ್ದೆ ನಮ್ಮ ಯಜಮಾನರ ಮುಂದೆ ಇಟ್ಟಿದ್ರೆ ತಟ್ಟೆ ಹಾರ್ತಿತ್ತು.

ಫ್ಲ್ಯಾಟ್ ನಂ. 304: ಮೆಸ್ ಸಾರ್, 100ಕ್ಕೆ 300 ಹಾಕಿ ನೋಡಿದೆ. ಅರ್ಧ ಮುದ್ದೆ ಬ್ಲೇಡಿಗೇ ಅಂಟಿಕೊಂಡಿದೆ. ನಿಮ್ಮ ಲೆಕ್ಕ ತಪ್ಪು.

ಮೆಸ್ ನಡೆಸ್ತಿದ್ದವನು: ಲೆಕ್ಕ ತಪ್ಪಿಲ್ಲ ಸಾರ್. ನಿಮ್ಮ ಮೆಷಿನ್ ಮುಚ್ಚಿರುತ್ತೆ, ಆವಿ ಹೊರಗೆ ಹೋಗಲ್ಲ. 250ಕ್ಕೆ ಇಳಿಸಿ ನೋಡಿ.

ಫ್ಲ್ಯಾಟ್ ನಂ. 304: ಅದಕ್ಕೇ ಮೆಷಿನ್ ಪುಸ್ತಕದಲ್ಲಿ ಕಮ್ಮಿ ಬರೆದಿರೋದು. ನಾನು ಮೊದಲಿಂದ ಹೇಳ್ತಿದ್ದೂ ಅದೇ.

ಮದ್ದೂರಮ್ಮ: ಆರೂವರೆ ಸಾವಿರ ಕೊಟ್ಟೋರು ಅದನ್ನೇ ಹೇಳಬೇಕು ಬುಡಿ.