ಸೇವ್ ಮಾಡಿದ ಕಾರ್ಡ್: ಸೈಟ್‌ನ ಡೇಟಾ ಸೋರಿದರೆ ಕಳ್ಳನ ಕೈಗೆ ಸಿಗುವುದೇನು?

ಪ್ರಶ್ನೆ: ನಾನು ಕಾರ್ಡ್ ಸೇವ್ ಮಾಡಿದ್ದ ಶಾಪಿಂಗ್ ಸೈಟ್‌ನ ಡೇಟಾ ಸೋರಿದೆಯಂತೆ. ಟೋಕನ್ ಆಗಿದೆ ಅಂತ ಅಲ್ಲಿ ತೋರಿಸುತ್ತೆ. ಕಾರ್ಡ್ ಬ್ಲಾಕ್ ಮಾಡಿಸಬೇಕಾ? ಗೊತ್ತಿದ್ದವರು ಹೇಳಿ.

ವಸುಧಾ: ಸೋರಿದ್ದು ಸೈಟ್ ಉಳಿಸಿಟ್ಟ ಡೇಟಾ ಮಾತ್ರ ಆಗಿದ್ದರೆ ಬ್ಲಾಕ್ ಬೇಕಿಲ್ಲ. ಆರ್‌ಬಿಐ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಇಲ್ಲಿನ ಅಂಗಡಿಗಳು ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ. ಅವರ ಹತ್ತಿರ ಇರೋದು ಕಾರ್ಡ್ ನಂಬರ್ ಬದಲಿಗೆ ಬಳಸುವ ಟೋಕನ್ ಅನ್ನೋ ಬೇರೊಂದು ಸಂಖ್ಯೆ, ಕೊನೆಯ 4 ಅಂಕಿ, ಬ್ಯಾಂಕಿನ ಹೆಸರು. ಒಂದೇ ಕಾರ್ಡನ್ನು ಎರಡು ಸೈಟ್‌ನಲ್ಲಿ ಸೇವ್ ಮಾಡಿದರೆ ಎರಡು ಬೇರೆ ಬೇರೆ ಟೋಕನ್. ಮೊದಲನೆಯದನ್ನು ಕದ್ದವನು ಎರಡನೆಯ ಸೈಟ್‌ನಲ್ಲಿ ಹಾಕಿದರೆ, ಇದು ಈ ಅಂಗಡಿಯದ್ದಲ್ಲ ಅಂತ ವೀಸಾ, ರುಪೇಯಂಥ ಕಾರ್ಡ್ ನೆಟ್‌ವರ್ಕ್ ಅಲ್ಲೇ ತಡೆಯುತ್ತೆ. ಜೊತೆಗೆ ಪ್ರತಿ ಪೇಮೆಂಟ್‌ಗೂ ಹೊಸದಾಗಿ ಹುಟ್ಟುವ ಒಂದು ಗುಟ್ಟಿನ ಸಂಕೇತವೂ ಹೋಗಬೇಕು. ಅದು ಸೈಟ್ ಉಳಿಸಿಟ್ಟ ಡೇಟಾದಲ್ಲಿ ಇರೋದೇ ಇಲ್ಲ.

ಮಂಜುನಾಥ: ಹೌದು, ಟೋಕನ್ ಇದ್ದರೆ ನಿಶ್ಚಿಂತೆ. ಸಿವಿವಿ ಕೂಡ ಕೇಳಲ್ಲ, ಓಟಿಪಿನೂ ಬೇಕಾಗಲ್ಲ.

ವಸುಧಾ: ಸಿವಿವಿ ಕೇಳದೆ ಇರಬಹುದು, ಅದು ಸರಿ. ಓಟಿಪಿ ಮಾತ್ರ ಸಾಮಾನ್ಯವಾಗಿ ಬೇಕು ಮಂಜುನಾಥ್ ಅವರೇ. ಸೈಟ್‌ನ ಪಾಸ್‌ವರ್ಡ್ ಕದ್ದು ನಿಮ್ಮ ಖಾತೆಯೊಳಗೇ ಬಂದವನಿಗೆ ಟೋಕನ್ ಅಡ್ಡ ಬರಲ್ಲ, ಅವನು ಸರಿಯಾದ ಅಂಗಡಿಯಲ್ಲೇ ಇದ್ದಾನೆ. ಅಲ್ಲಿ ತಡೆಯೋದು ಓಟಿಪಿ. ಆದ್ದರಿಂದ ಪ್ರಶ್ನೆ ಕೇಳಿದವರು ಮೊದಲು ಪಾಸ್‌ವರ್ಡ್ ಬದಲಿಸಿ.

ಶಕೀಲಾ: ನನ್ನದೂ ಹೀಗೇ ಆಯ್ತು. ಹೊಸ ಕಾರ್ಡ್ ಬಂದಮೇಲೆ ಸೇವ್ ಆಗಿದ್ದ ಕಾರ್ಡ್‌ನಲ್ಲಿ ಪೇಮೆಂಟ್ ಆಗ್ತಿಲ್ಲ. ಡೇಟಾ ಕದ್ದಿದ್ದಾರಾ?

ವಸುಧಾ: ಇಲ್ಲ ಶಕೀಲಾ, ಅದು ಬೇರೆ ವಿಷಯ. ಹಳೆಯ ಕಾರ್ಡ್‌ನ ಜೊತೆಗೆ ಅದರ ಟೋಕನ್ನೂ ನಿಂತಿರುತ್ತೆ. ಸೈಟ್‌ನಲ್ಲಿ ಹಳೆಯದನ್ನು ಅಳಿಸಿ ಹೊಸ ಕಾರ್ಡ್ ಸೇರಿಸಿ, ಒಪ್ಪಿಗೆಯ ಚೌಕಕ್ಕೆ ಟಿಕ್ ಹಾಕಿ ಓಟಿಪಿ ಕೊಡಿ.

ಇಮ್ತಿಯಾಜ್: ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಟೋಕನ್ ಆಗುವ ಮುಂಚೆ ಒಂದು ಸಲ ಪೂರ್ತಿ ನಂಬರ್, ಅವಧಿ, ಸಿವಿವಿ ಎಲ್ಲವನ್ನೂ ಟೈಪ್ ಮಾಡಿರುತ್ತೀರಿ. ಕಳ್ಳರು ಪೇಮೆಂಟ್ ಪುಟದಲ್ಲೇ ಕದಿಯುವ ಸ್ಕ್ರಿಪ್ಟ್ ಕೂರಿಸಿದ್ದರೆ ಟೈಪ್ ಮಾಡುವಾಗಲೇ ಅಷ್ಟೂ ಹೋಗಿರುತ್ತೆ. ಆ ನಂಬರನ್ನು ಟೋಕನ್ ನಿಯಮವಿಲ್ಲದ, ಓಟಿಪಿ ಕೇಳದ ವಿದೇಶಿ ಸೈಟ್‌ನಲ್ಲಿ ಬಳಸುತ್ತಾರೆ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಈಗಲೇ ಆಫ್ ಮಾಡಿ. ಸೋರಿಕೆಯ ದಿನಗಳಲ್ಲಿ ನೀವು ಆ ಸೈಟ್‌ನಲ್ಲಿ ನಂಬರ್ ಟೈಪ್ ಮಾಡಿದ್ದರೆ ನಾನಂತೂ ಕಾರ್ಡನ್ನೇ ಬದಲಿಸಿ ಅನ್ನುತ್ತೇನೆ.

ವಸುಧಾ: ಅದು ಒಪ್ಪುವ ಮಾತು, ಆದರೆ ಬರೀ ಅನುಮಾನಕ್ಕೆ ಕಾರ್ಡ್ ಬದಲಿಸಿದರೆ ಸೇವ್ ಮಾಡಿದ ಎಲ್ಲ ಸೈಟ್‌ಗೂ ಮತ್ತೆ ಸೇರಿಸಬೇಕು. ಆ ಸೈಟ್‌ನ ಟೋಕನ್ ಒಂದನ್ನೇ ಬ್ಯಾಂಕಿನ ಕಡೆಯಿಂದ ತೆಗೆಸಬಹುದು, ಬೇರೆ ಸೈಟ್‌ಗಳಿಗೆ ತೊಂದರೆ ಆಗಲ್ಲ.

ಇಮ್ತಿಯಾಜ್: ಟೋಕನ್ ತೆಗೆದರೆ ಕದ್ದ ನಂಬರ್ ಸಾಯಲ್ಲವಲ್ಲ. ಕೊನೆಯ ಸಲ ಯಾವಾಗ ಟೈಪ್ ಮಾಡಿದ್ದು ಅಂತ ಪ್ರಶ್ನೆ ಕೇಳಿದವರೇ ಹೇಳಬೇಕು.