ಸಹಾಯ ಬೇಕು: ಒಂದೇ ಸರಾಸರಿಯಲ್ಲಿ ಎರಡು ಚವತಿ

ಕುಮಟಾದಲ್ಲಿ ನಮ್ಮದು ದಿನಸಿ ಹೋಲ್‌ಸೇಲ್. ಮಾರಾಟದ ಮೂರು ತಿಂಗಳ ಸರಾಸರಿಯು ಗಣೇಶ ಚವತಿ, ಮಳೆಗಾಲದ ಜೊತೆಗೇ ಏರಿಳಿಯುತ್ತಿತ್ತು. ಹಾಗಾಗಿ 12 ತಿಂಗಳ ಚಲಿಸುವ ಸರಾಸರಿ ಹಾಕಿದೆ. ಅದರಲ್ಲಿ ವರ್ಷದ ಪ್ರತಿ ತಿಂಗಳೂ ಒಂದೊಂದು ಸಲ ಮಾತ್ರ ಸೇರುತ್ತದೆ, ಹಾಗಾಗಿ ಸೀಸನ್ ಅಳಿಸಿಹೋಗುತ್ತದೆ.

ಜುಲೈ 2025ಕ್ಕೆ ಮುಗಿದ 12 ತಿಂಗಳ ಸರಾಸರಿ 6 ಲಕ್ಷ, ಆಗಸ್ಟ್‌ಗೆ 6.4, ಸೆಪ್ಟೆಂಬರ್‌ಗೆ ಮತ್ತೆ 6.1. ಅಪ್ಪ 6.4 ನೋಡಿ ವ್ಯಾಪಾರ ಬೆಳೆದಿದೆ, ಗೋಡೌನ್ ದೊಡ್ಡದು ಮಾಡೋಣ ಅಂದರು. ಬಿಲ್ ಪುಸ್ತಕ ತೆಗೆದು ನೋಡಿದೆ. ಚವತಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ಅಂದರೆ ಸೆಪ್ಟೆಂಬರ್‌ನಿಂದ ಆಗಸ್ಟ್‌ವರೆಗಿನ ಲೆಕ್ಕದಲ್ಲಿ ಎರಡು ಚವತಿ ಸೇರಿವೆ! ಹಬ್ಬದ ಹೆಚ್ಚುವರಿ ಮಾರಾಟ ಸುಮಾರು 3.6 ಲಕ್ಷ. ಅದನ್ನು 12ರಿಂದ ಭಾಗಿಸಿದರೆ 30 ಸಾವಿರ. ಅದು ಕಳೆದರೆ ನಿಜವಾದ ಏರಿಕೆ ಬರೀ 10 ಸಾವಿರ, ಅಲ್ವಾ?

ಚವತಿಯ ಹೆಚ್ಚುವರಿಯನ್ನು ಪ್ರತಿ ವರ್ಷ ಸೆಪ್ಟೆಂಬರ್‌ಗೇ ಬರೆದು ಸರಾಸರಿ ಹಾಕಬಹುದೇ? ಅಥವಾ ಚವತಿಯಿಂದ ಚವತಿಗೆ ಲೆಕ್ಕ ಹಿಡಿಯಬೇಕೇ? ಅಧಿಕ ಮಾಸದ ವರ್ಷ ಅದು 13 ತಿಂಗಳಾಗುತ್ತದಲ್ಲ? ಮಾಡಿ ನೋಡಿದವರು ದಯವಿಟ್ಟು ಹೇಳಿ.