ಸಹಾಯ ಬೇಕು: ಗೆಳತಿಯ ಚೀಟಿಗೆ ಯಾವ ಕನ್ನಡ?

ನಮಸ್ಕಾರ, ಉಡುಪಿಯಿಂದ ಬರೆಯುತ್ತಿದ್ದೇನೆ. ಕೆಲವು ಫೋಟೊಗಳಲ್ಲಿ ಕಾಣುವ ನೋಟಿಸ್, ಚೀಟಿಯಂಥ ಇಂಗ್ಲಿಷ್ ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೀರಿನ ನೋಟಿಸ್ ಸುಲಭವಾಯಿತು: "ಪೈಪ್ ದುರಸ್ತಿ ಪ್ರಯುಕ್ತ ನಾಳೆ ನೀರು ಪೂರೈಕೆ ಇರುವುದಿಲ್ಲ. ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ." ಮಾತಾಡುವುದು ಕಚೇರಿ, ಹಾಗಾಗಿ ಕ್ರಿಯಾಪದಗಳು ಪೂರ್ತಿ ರೂಪದಲ್ಲೇ ಇರಲಿ ಅಂದುಕೊಂಡೆ. "ಸ್ಥಗಿತಗೊಳಿಸಲಾಗುವುದು" ಮಾತ್ರ ಬೇಡವೆನಿಸಿತು. ಮನೆಯ ಅಜ್ಜಿಗೂ ಅರ್ಥವಾಗಬೇಕಲ್ಲ.

ಕಷ್ಟವಾಗಿರುವುದು ಗೆಳತಿಯ ಚೀಟಿ. "ಬಂದಿದ್ದೆ ಮಾರಾಯ್ತಿ, ನೀನಿರ್ಲಿಲ್ಲ. ಕೀ ಪಕ್ಕದ್ಮನೆ ಆಂಟಿ ಹತ್ರ ಉಂಟು. ರಾತ್ರಿ ಫೋನ್ ಮಾಡು" ಎಂದು ಬರೆದಿದ್ದೇನೆ. "ನೀವು ಇರಲಿಲ್ಲ" ಎಂದರೆ ಸಲುಗೆಯೇ ಹೋಗುತ್ತದೆ. ಆದರೆ ಇದನ್ನು ಮೈಸೂರು, ಧಾರವಾಡದವರೂ ಓದುತ್ತಾರೆ. "ಉಂಟು" ಉಳಿಸಲೇ, "ಇದೆ" ಮಾಡಲೇ? ಮೂಲದಲ್ಲಿ "ಮಾರಾಯ್ತಿ"ಗೆ ಸಮನಾದ ಪದವಿಲ್ಲ, ಸಲುಗೆಗಾಗಿ ಸೇರಿಸಿದ್ದೇನೆ. ತೆಗೆಯಬೇಕೇ? ಘಟ್ಟದ ಮೇಲಿನವರು ದಯವಿಟ್ಟು ಓದಿ ಹೇಳಿ, ಎಲ್ಲಿ ತಡವರಿಸಿದಿರಿ ಎಂದು.